ಮಾವನ ಬಿಲ್ ಬುಕ್ಕು ಮತ್ತು ನನ್ನ ಮೊದಲ ಕೇಸ್ ಸ್ಟಡಿ

ಜನವರಿ ಬಂತೆಂದರೆ ನನ್ನ ಮೇಲ್‌ಗೆ ಪೋರ್ಟ್‌ಫೋಲಿಯೊ ಲಿಂಕುಗಳು ಬರಲು ಶುರುವಾಗುತ್ತವೆ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಬೇಸಿಗೆಗೆ ಇಬ್ಬರು ಯುಎಕ್ಸ್ ಇಂಟರ್ನ್‌ಗಳನ್ನು, ಅಂದರೆ ಆ್ಯಪು ವೆಬ್‌ಸೈಟುಗಳನ್ನು ಬಳಸುವವರಿಗೆ ಸಲೀಸಾಗುವ ಹಾಗೆ ವಿನ್ಯಾಸ ಮಾಡಲು ಕಲಿಯುವವರನ್ನು, ತೆಗೆದುಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ಅರ್ಜಿ ನೋಡುವವರಲ್ಲಿ ನಾನೂ ಒಬ್ಬಳು. ಒಂದೊಂದು ಅರ್ಜಿಗೆ ಸಿಗುವುದು ಮೂರು ನಾಲ್ಕು ನಿಮಿಷ. ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. ಹುಡುಗರು ಎರಡು ತಿಂಗಳು ಕೂತು ಮಾಡಿರುತ್ತಾರೆ, ನಾವು ಚಹಾ ಆರುವಷ್ಟರಲ್ಲಿ ನೋಡಿ ಮುಗಿಸುತ್ತೇವೆ.

ಒಂದು ಡಿಸೈನ್ ಕೆಲಸವನ್ನು ಹೇಗೆ ಮಾಡಿದೆ ಅಂತ ಹೇಳುವ ಬರಹಕ್ಕೆ ಕೇಸ್ ಸ್ಟಡಿ ಅನ್ನುತ್ತೇವೆ. ಬರುವ ಕೇಸ್ ಸ್ಟಡಿಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ಮೊದಲು ಎರಡು ವಜ್ರದ ಚಿತ್ರ. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2000ದ ದಶಕದ ಮಧ್ಯದಲ್ಲಿ ಹೊರತಂದ, ಡಿಸೈನ್ ಕೆಲಸದ ಹಂತಗಳನ್ನು ತೋರಿಸುವ ಡಬಲ್ ಡೈಮಂಡ್ ಅದು. ಆಮೇಲೆ ಗೂಗಲ್ ಫಾರ್ಮಿನ ಪೈ ಚಾರ್ಟುಗಳು. ಆಮೇಲೆ ಇಂಟರ್‌ನೆಟ್ಟಿನಿಂದ ತೆಗೆದ ನಗುಮುಖದ ಫೋಟೊ ಹಾಕಿದ ಪರ್ಸೋನಾ, ಅಂದರೆ ಬಳಸುವವರೊಬ್ಬರ ಕಲ್ಪಿತ ಪರಿಚಯ. ಹಳದಿ ಚೀಟಿಗಳ ಗೋಡೆ, ಸ್ಕ್ರೀನಿನ ಕಚ್ಚಾ ನಕ್ಷೆಯಾದ ವೈರ್‌ಫ್ರೇಮು, ಕೊನೆಗೆ ಹೊಳೆಯುವ ಸ್ಕ್ರೀನುಗಳು. ಇವನ್ನು ನೋಡುವಾಗ ನನಗೆ ಬೇಸರ ಬರುವುದಿಲ್ಲ. ನನ್ನ ಮೊದಲ ಕೇಸ್ ಸ್ಟಡಿಯೇ ನೆನಪಾಗುತ್ತದೆ. ಅದೂ ಥೇಟ್ ಹೀಗೇ ಇತ್ತು.

ನಾನಾಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ಡಿಸೈನ್ ಕಲಿಸುವವರು ಯಾರೂ ಇರಲಿಲ್ಲ. ಸ್ಕ್ರೀನುಗಳನ್ನು ವಿನ್ಯಾಸ ಮಾಡುವ ಫಿಗ್ಮಾ ತಂತ್ರಾಂಶ ಕಲಿತದ್ದು ಯೂಟ್ಯೂಬ್ ನೋಡಿ. ನನ್ನ ಸೋದರಮಾವನದು ಟೈಲರ್ ಅಂಗಡಿ. ಹೆಚ್ಚಾಗಿ ಬ್ಲೌಸು, ಚೂಡಿದಾರ. ಮಾವ ಕಟಿಂಗ್ ಮಾಡುತ್ತಾರೆ, ಅತ್ತೆ ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ, ಹೊಲಿಯಲು ಇಬ್ಬರಿದ್ದಾರೆ. ಹೇಳಿದ ದಿನಕ್ಕೆ ಬಟ್ಟೆ ಸಿಗದೆ ಗಿರಾಕಿಗಳು ಅಂಗಡಿಗೆ ಮತ್ತೆ ಮತ್ತೆ ಅಲೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಹಾಗಾಗಿ ಗಿರಾಕಿಗಳಿಗೊಂದು ಆ್ಯಪ್ ಮಾಡೋಣ, ಬಟ್ಟೆ ಕಟಿಂಗ್ ಆಯಿತಾ, ಹೊಲಿಗೆ ಆಯಿತಾ ಅಂತ ಅವರು ಮನೆಯಲ್ಲೇ ಕೂತು ನೋಡಲಿ ಅಂದುಕೊಂಡೆ. ಕ್ಲಾಸಿನವರಿಗೆ ಗೂಗಲ್ ಫಾರ್ಮ್ ಕಳಿಸಿದೆ. "ಇಂಥ ಆ್ಯಪ್ ಇದ್ದರೆ ಬಳಸುತ್ತೀರಾ?" ಅಂತ ಕೇಳಿದ್ದೆ. 31 ಜನ ಉತ್ತರಿಸಿದರು, 28 ಜನ ಹೌದು ಅಂದರು. ಇದ್ದರೆ ಬಳಸುತ್ತೀಯಾ ಅಂತ ಗೆಳತಿ ಕೇಳಿದರೆ ಇಲ್ಲ ಅನ್ನುವವರು ಯಾರು? ಆ ಉತ್ತರಕ್ಕೆ ಬೆಲೆಯಿಲ್ಲ ಅಂತ ಆಗ ಹೊಳೆಯಲಿಲ್ಲ. ಇಪ್ಪತ್ತೆರಡು ಸ್ಕ್ರೀನು ಮಾಡಿದೆ. ಕೇಸ್ ಸ್ಟಡಿ ಬರೆದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಒಬ್ಬರಿಗೆ ಕಳಿಸಿದೆ.

ಅವರು ಪೂರ್ತಿ ಓದಿ ಫೋನ್ ಮಾಡಿದರು. ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ಶುರು ಮಾಡೋ ಮುಂಚೆ ನಿನಗೆ ಗೊತ್ತಿಲ್ಲದೇ ಇದ್ದದ್ದು, ಮುಗಿಸೋ ಹೊತ್ತಿಗೆ ಗೊತ್ತಾಗಿದ್ದು ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ್ಯಪ್ ಮಾಡಬೇಕು ಅಂತ ಮೊದಲೇ ಅಂದುಕೊಂಡಿದ್ದೆ, ಕೊನೆಗೂ ಆ್ಯಪನ್ನೇ ಮಾಡಿದ್ದೆ. ನಡುವಿನ ಸಂಶೋಧನೆಯಿಂದ ಒಂದು ಬಟನ್ ಕೂಡ ಜಾಗ ಬದಲಿಸಿರಲಿಲ್ಲ. "ಹಾಗಾದ್ರೆ ಆ ಭಾಗ ಸುಮ್ನೆ ಅಲಂಕಾರಕ್ಕೆ ಇದೆ, ಅಲ್ವಾ?" ಅಂದರು ಅಕ್ಕ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಗಡಿಯಲ್ಲಿ ಕೂತ ಆರು ದಿನ

ಗೌರಿ ಹಬ್ಬಕ್ಕೆ ಮೂರು ವಾರವಿತ್ತು. ಕಾಲೇಜು ಮುಗಿಸಿ ಸಂಜೆ ಐದರಿಂದ ಎಂಟರವರೆಗೆ ಅಂಗಡಿಯಲ್ಲಿ ಕೂರಲು ಶುರು ಮಾಡಿದೆ. ಆರು ಸಂಜೆ ಕೂತೆ. ಮೊದಮೊದಲು ಏನನ್ನೂ ಕೇಳಲಿಲ್ಲ. ಯಾರು ಬಂದರು, ಏನು ಮಾತಾಯಿತು, ಮಾವ ಅತ್ತೆ ಯಾವ ವಸ್ತುವಿಗೆ ಕೈ ಹಾಕಿದರು ಅಂತ ಬರೆದುಕೊಂಡೆ ಅಷ್ಟೆ.

ಬಿಲ್ಲಿನ ಒಂದು ಭಾಗ ಗಿರಾಕಿಗೆ ಹೋಗುತ್ತದೆ, ಇನ್ನೊಂದು ಪುಸ್ತಕದಲ್ಲಿ ಉಳಿಯುತ್ತದೆ. ಉಳಿದ ಭಾಗಕ್ಕೆ ಅತ್ತೆ ಆ ಬಟ್ಟೆಯ ಅಂಚಿನಿಂದ ಸಣ್ಣ ತುಂಡೊಂದನ್ನು ಕತ್ತರಿಸಿ ಸ್ಟೇಪ್ಲರ್ ಹೊಡೆಯುತ್ತಾರೆ. ದಿನಾಂಕದ ಮಾತು ಹೀಗೆ ನಡೆಯುತ್ತಿತ್ತು. ಗಿರಾಕಿ "ಹಬ್ಬದ ಹಿಂದಿನ ದಿನ ಕೊಟ್ಟುಬಿಡ್ರಿ ಅಕ್ಕಾ" ಅನ್ನುತ್ತಿದ್ದರು. ಅತ್ತೆ ಒಂದು ಕ್ಷಣ ಯೋಚಿಸುತ್ತಿದ್ದರು. "ಆಯ್ತು ಬರ್ರಿ" ಅನ್ನುತ್ತಿದ್ದರು. ಆ ಒಂದು ಕ್ಷಣದಲ್ಲಿ ಅವರ ಕೈ ಬಿಲ್ ಬುಕ್ಕಿನ ಹಳೆಯ ಹಾಳೆಗಳ ಮೇಲೆ ಹೋಗಿ ವಾಪಸ್ ಬರುತ್ತಿತ್ತು. ಹಾಳೆ ತಿರುವುತ್ತಿರಲಿಲ್ಲ. ನಾಲ್ಕನೇ ದಿನ ನನಗಿದು ಕಂಡಿತು. ಯಾಕತ್ತೆ ಅಂತ ಕೇಳಿದೆ. "ಆ ದಿನಕ್ಕೆ ಎಷ್ಟು ಒಪ್ಪಿಕೊಂಡೀನಿ ಅಂತ ನೋಡಬೇಕಂದ್ರ ಇಡೀ ಪುಸ್ತಕ ತಿರುವಬೇಕವ್ವಾ. ಗಿರಾಕಿ ಎದುರಿಗೆ ನಿಂತಿರ್ತಾರ" ಅಂದರು.

ಬಿಲ್ ಬುಕ್ಕು ಇರುವುದು ಬಿಲ್ ನಂಬರಿನ ಕ್ರಮದಲ್ಲಿ. ಕೊಡುವ ದಿನ ಪ್ರತಿ ಹಾಳೆಯ ಮೂಲೆಯಲ್ಲಿದೆ. ಒಂದು ದಿನಕ್ಕೆ ಎಷ್ಟು ಬಟ್ಟೆ ಒಪ್ಪಿಕೊಂಡಿದ್ದೇವೆ ಅನ್ನುವುದು ಎಲ್ಲೂ ಒಟ್ಟಾಗಿ ಕಾಣುವುದಿಲ್ಲ. ಆ ರಾತ್ರಿ ಪುಸ್ತಕ ಮನೆಗೆ ತಂದು ಬಾಕಿ ಇದ್ದ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಲೆಕ್ಕ ಹಾಕಿದೆ. 62 ಬ್ಲೌಸುಗಳಲ್ಲಿ 23 ಹಬ್ಬದ ಹಿಂದಿನ ದಿನಕ್ಕೇ ಬಿದ್ದಿದ್ದವು. ಅಂಗಡಿಯಲ್ಲಿ ದಿನಕ್ಕೆ ತಯಾರಾಗುವುದು ಹೆಚ್ಚೆಂದರೆ ಎಂಟು. ಅದರ ಹಿಂದಿನ ವಾರದ ಎರಡು ದಿನಗಳಿಗೆ ಮೂರು ಮೂರೇ ಇದ್ದವು.

ಬಟ್ಟೆ ತಡವಾಗುವುದು ಹೊಲಿಗೆ ಮಿಷನ್ನಿನ ಮುಂದೆ ಅಂದುಕೊಂಡಿದ್ದೆ. ಅದು ಗಲ್ಲಾ ಪೆಟ್ಟಿಗೆಯ ಮುಂದೆ, ದಿನಾಂಕ ಬರೆಯುವ ಹೊತ್ತಿನಲ್ಲೇ ತಡವಾಗಿಬಿಡುತ್ತಿತ್ತು. ನನ್ನ ಆ್ಯಪ್ ಇದ್ದಿದ್ದರೆ ಆಗುತ್ತಿದ್ದದ್ದು ಇಷ್ಟೆ. ಬಟ್ಟೆ ತಯಾರಾಗಿಲ್ಲ ಅನ್ನುವುದನ್ನು ಗಿರಾಕಿ ಅಂಗಡಿಗೆ ಬರುವ ಬದಲು ಫೋನಿನಲ್ಲಿ ನೋಡುತ್ತಿದ್ದರು. ಇಪ್ಪತ್ತೆರಡು ಸ್ಕ್ರೀನನ್ನೂ ಬದಿಗಿಟ್ಟೆ. ಅಕ್ಕನ ಪ್ರಶ್ನೆಗೆ ಈಗ ಉತ್ತರವಿತ್ತು.

ಮೂರು ಸ್ಕ್ರೀನು, ಎರಡು ತಪ್ಪು

ಹೊಸದಾಗಿ ಮಾಡಿದ್ದು ಮೂರೇ ಸ್ಕ್ರೀನು, ಅದೂ ಅತ್ತೆಯ ಫೋನಿಗೆ. ಒಂದು ತಿಂಗಳ ಪುಟ, ಒಂದು ದಿನದ ಪಟ್ಟಿ, ಹೊಸ ಬಟ್ಟೆ ಬರೆದುಕೊಳ್ಳುವ ಪುಟ. ತಿಂಗಳ ಪುಟದಲ್ಲಿ ಜಾಗವಿರುವ ದಿನಗಳಿಗೆ ಹಸಿರು, ತುಂಬಿದ ದಿನಗಳಿಗೆ ಕೆಂಪು. ದಿನದ ಪಟ್ಟಿಯಲ್ಲಿ ಬಿಲ್ ನಂಬರು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಹೆಸರು.

ಐದು ಜನರ ಮುಂದಿಟ್ಟು ನೋಡಿದೆ. ಮಾವ, ಅತ್ತೆ, ಅದೇ ಬೀದಿಯ ಇನ್ನು ಮೂವರು ಟೈಲರುಗಳು. ಇಲ್ಲಿ ಅಕ್ಕ ಹೇಳಿಕೊಟ್ಟ ಒಂದು ವಿಷಯ ತುಂಬ ಉಪಯೋಗಕ್ಕೆ ಬಂತು. "ಕ್ಯಾಲೆಂಡರ್ ತೆಗೆದು ಶುಕ್ರವಾರ ಒತ್ತಿ" ಅಂತ ಹೇಳಬಾರದು. ಹಾಗೆ ಹೇಳಿದರೆ ನಾವೇ ದಾರಿ ತೋರಿಸಿದ ಹಾಗೆ. ಬದಲಿಗೆ ನಾನೇ ಗಿರಾಕಿಯಾಗಿ ಒಂದು ಬಟ್ಟೆ ತುಂಡು ಕೈಗೆ ಕೊಟ್ಟು, "ಇದು ನನಗೆ ಶುಕ್ರವಾರ ಬೇಕು, ಆಗುತ್ತಾ?" ಅಂತ ಕೇಳಿ ಸುಮ್ಮನಾದೆ. ಅವರು ತಡವರಿಸಿದರೂ ಬಾಯಿ ಬಿಡಬಾರದು. ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಅತ್ತೆ ಕೆಂಪು ಶುಕ್ರವಾರ ನೋಡಿ, "ಅವತ್ತೇನು ರಜಾ?" ಅಂದರು. ನಾನು ಗೋಡೆ ನೋಡಿದೆ. ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಭಾನುವಾರ, ಹಬ್ಬ, ಸರ್ಕಾರಿ ರಜೆ ಎಲ್ಲ ಕೆಂಪಕ್ಷರದಲ್ಲೇ ಇದ್ದವು. ಕೆಂಪೆಂದರೆ ಅಪಾಯ ಅಂತ ನಾನು ಡಿಸೈನ್ ವಿಡಿಯೊಗಳಿಂದ ಕಲಿತಿದ್ದೆ. ಕ್ಯಾಲೆಂಡರಿನಲ್ಲಿ ಕೆಂಪೆಂದರೆ ರಜೆ ಅಂತ ಅತ್ತೆ ನಲವತ್ತು ವರ್ಷದಿಂದ ಓದಿಕೊಂಡು ಬಂದಿದ್ದರು. ಇನ್ನೊಬ್ಬ ಟೈಲರ್ ಕೂಡ ಅದನ್ನೇ ಹೇಳಿದರು. ಬಣ್ಣ ತೆಗೆದು ಪ್ರತಿ ದಿನದ ಕೆಳಗೆ ಎಂಟು ಸಣ್ಣ ಮನೆಗಳನ್ನಿಟ್ಟೆ. ಒಪ್ಪಿಕೊಂಡಷ್ಟು ಮನೆ ತುಂಬುತ್ತವೆ. ಅರ್ಥವನ್ನು ಬರೀ ಬಣ್ಣದಿಂದ ಹೇಳಬಾರದು ಅನ್ನುವ ಮಾತು ಎಲ್ಲರಿಗೂ ಬಳಸಲು ಆಗಬೇಕು ಅನ್ನುವ ವೆಬ್ಬಿನ ಆಕ್ಸೆಸಿಬಿಲಿಟಿ ನಿಯಮಗಳಲ್ಲೂ ಇದೆ. ಅದನ್ನು ಆಮೇಲೆ ಓದಿದೆ. ನನಗೆ ಮೊದಲು ಕಲಿಸಿದ್ದು ಅತ್ತೆಯ ಗೋಡೆ.

ಎರಡನೆಯದು ಬಿಲ್ ನಂಬರು. ಪಟ್ಟಿಯಿಂದ ಒಂದು ಬ್ಲೌಸು ಹುಡುಕಿ ಅಂದಾಗ ಮಾವ ನಂಬರು ನೋಡಲೇ ಇಲ್ಲ. ಎರಡು ಸಲ ಪಟ್ಟಿಯನ್ನು ಮೇಲೆ ಕೆಳಗೆ ಎಳೆದು, ಫೋನು ಕೆಳಗಿಟ್ಟು ಬಿಲ್ ಬುಕ್ಕು ತೆಗೆದರು. ಸ್ಟೇಪ್ಲರ್ ಹೊಡೆದ ಬಟ್ಟೆ ತುಂಡುಗಳನ್ನು ಹೆಬ್ಬೆರಳಿನಿಂದ ಸರಸರ ಸರಿಸಿ, "ಇದು ನೋಡವ್ವಾ, ನೇರಳೆ ಬಣ್ಣದ್ದು" ಅಂದರು. ಆ ತುಂಡುಗಳನ್ನು ಆರು ದಿನ ನೋಡಿ ಬರೆದುಕೊಂಡಿದ್ದೆ, ಆದರೂ ಅವು ಅಲ್ಲಿ ಯಾಕಿವೆ ಅಂತ ಯೋಚಿಸಿರಲಿಲ್ಲ. ಪಟ್ಟಿಯಲ್ಲಿ ಬಟ್ಟೆಯ ಫೋಟೊ ದೊಡ್ಡದಾಯಿತು, ನಂಬರು ಚಿಕ್ಕದಾಗಿ ಕೆಳಗೆ ಹೋಯಿತು.

ಇದರ ಜೊತೆಗೆ ಕನ್ನಡಕ್ಕೇ ಸಂಬಂಧಪಟ್ಟ ಒಂದು ತೊಂದರೆಯೂ ಇತ್ತು. ಇಂಗ್ಲಿಷಿನಲ್ಲಿ ಮಾಡಿ ಕನ್ನಡ ಅಂಟಿಸಿದ್ದೆ. 16 ಪಿಕ್ಸೆಲ್ ಅಕ್ಷರಕ್ಕೆ ಸಾಲಿನ ಎತ್ತರ 20 ಇಟ್ಟಿದ್ದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಎತ್ತರವನ್ನು 26ಕ್ಕೆ ಏರಿಸಿದ ಮೇಲೆ ಓದಲು ಸಲೀಸಾಯಿತು. ಕನ್ನಡದಲ್ಲಿ ಸ್ಕ್ರೀನು ಮಾಡುವವರು ಮೊದಲ ದಿನದಿಂದಲೇ ಕನ್ನಡ ಅಕ್ಷರ ಹಾಕಿ ಮಾಡಿ. ಕೊನೆಗೆ ಹಾಕಿದರೆ ಬಟನ್ನುಗಳೆಲ್ಲ ಮತ್ತೆ ಅಳೆಯಬೇಕಾಗುತ್ತದೆ.

ಐದು ಜನ ಸಾಕಾ ಅಂತ ಈಗಿನ ಹುಡುಗರೂ ಕೇಳುತ್ತಾರೆ. ಐದು ಜನ ಸಾಕು ಅನ್ನುವ ಮಾತು ಹೆಚ್ಚು ಹರಡಿದ್ದು ಬಳಕೆಯ ಸಲೀಸಿನ ಬಗ್ಗೆ ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಲೇಖನದಿಂದ. ಅವರು ಹೇಳಿದ್ದು ಬಳಕೆಯಲ್ಲಿರುವ ತೊಡಕುಗಳನ್ನು ಹುಡುಕುವ ಬಗ್ಗೆ. ಐದು ಜನರ ಜೊತೆ ನೋಡಿ, ತಿದ್ದಿ, ಮತ್ತೆ ಬೇರೆ ಕೆಲವರ ಜೊತೆ ನೋಡಿ ಅನ್ನುವುದು ಅದರ ತಿರುಳು. "ಐವರಲ್ಲಿ ನಾಲ್ವರಿಗೆ ಇಷ್ಟವಾಯಿತು, ಅಂದರೆ ಶೇಕಡಾ 80" ಅಂತ ಬರೆಯಲು ಅದು ಆಧಾರವಾಗುವುದಿಲ್ಲ. ಅರ್ಜಿಗಳಲ್ಲಿ ಈ ಶೇಕಡಾ 80 ನನಗೆ ಪ್ರತಿ ವರ್ಷ ಸಿಗುತ್ತದೆ. "ಇಬ್ಬರು ಕೆಂಪನ್ನು ರಜೆ ಅಂತ ಓದಿದರು" ಅಂತ ಬರೆದರೆ ನಾನು ಪೂರ್ತಿ ನಂಬುತ್ತೇನೆ.

ಬರೆಯುವುದು

ಕೆಲಸ ಮುಗಿದ ಮೇಲೆ ಅದನ್ನು ಬರೆಯಲು ಮೂರು ವಾರ ಹಿಡಿಯಿತು. ಮೊದಲ ಸಲ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದೆ. ಆರು ಸಂಜೆಯ ಕಥೆ ಮುಗಿದು 62ರಲ್ಲಿ 23 ಅನ್ನುವ ಸಂಖ್ಯೆ ಬರುವ ಹೊತ್ತಿಗೆ ಓದುವವರು ಎಂಟು ಸಲ ಪುಟ ಸರಿಸಬೇಕಿತ್ತು. ಮೂರು ನಿಮಿಷ ಇರುವವರು ಅಲ್ಲಿಯವರೆಗೆ ಬರುವುದಿಲ್ಲ.

ಹಾಗಾಗಿ ಮುಖ್ಯವಾದದ್ದನ್ನು ಮೊದಲ ಪರದೆಗೇ ತಂದೆ. ಅದರಲ್ಲಿ ಹೀಗೆ ಬರೆದಿದ್ದೆ: "ಟೈಲರ್ ಅಂಗಡಿಯಲ್ಲಿ ಬಟ್ಟೆ ತಡವಾಗುವುದು ಹೊಲಿಯುವಾಗ ಅಲ್ಲ, ದಿನಾಂಕ ಒಪ್ಪಿಕೊಳ್ಳುವಾಗ. ದಿನಕ್ಕೆ ಎಂಟು ಬ್ಲೌಸು ಹೊಲಿಯುವ ಅಂಗಡಿ ಒಂದೇ ದಿನಕ್ಕೆ 23 ಒಪ್ಪಿಕೊಂಡಿತ್ತು. ಅದನ್ನು ಗಿರಾಕಿ ಎದುರಿಗಿರುವಾಗಲೇ ಕಾಣಿಸುವ ಮೂರು ಸ್ಕ್ರೀನುಗಳಿವು. ಒಬ್ಬಳೇ ಮಾಡಿದ್ದು, ಏಳು ವಾರ. ಐದು ಜನರ ಜೊತೆ ಪರೀಕ್ಷೆ. ಅಂಗಡಿಯಲ್ಲಿ ಇನ್ನೂ ಬಳಕೆಗೆ ಬಂದಿಲ್ಲ." ಅದರ ಕೆಳಗೆ ತಿಂಗಳ ಪುಟದ ಒಂದೇ ಚಿತ್ರ, ಫೋನಿನಲ್ಲೂ ಓದುವಷ್ಟು ದೊಡ್ಡದಾಗಿ. ಇಂಗ್ಲಿಷಿನಲ್ಲೂ ಇದೇ ಮಾತುಗಳನ್ನು ಬರೆದೆ, ಅರ್ಜಿ ಹೋಗುವುದು ಆ ಭಾಷೆಯಲ್ಲೇ ಅಲ್ವಾ.

ಕೊನೆಯ ವಾಕ್ಯ ಹಾಕಲು ಹೆದರಿಕೆಯಾಗಿತ್ತು. ಬಳಕೆಗೆ ಬಂದಿಲ್ಲ ಅಂದರೆ ಕೆಲಸಕ್ಕೆ ಬಾರದ್ದು ಅಂದುಕೊಳ್ಳುತ್ತಾರೇನೋ ಅಂತ. ಅಕ್ಕ ಬಿಡಲಿಲ್ಲ. "ಇಂಟರ್ನ್‌ಗೆ ಅರ್ಜಿ ಹಾಕೋರ ಕೆಲಸ ಬಳಕೆಯಲ್ಲಿ ಇರಲ್ಲ ಅಂತ ಎಲ್ಲರಿಗೂ ಗೊತ್ತು. ಗಿರಾಕಿಗಳ ಸಮಯ ಅರ್ಧ ಉಳಿಯಿತು ಅಂತ ಬರೆದರೆ, ಹೇಗೆ ಅಳೆದೆ ಅಂತ ಕೇಳ್ತಾರೆ" ಅಂದರು. ಈಗ ನಾನೂ ಅದನ್ನೇ ಕೇಳುತ್ತೇನೆ.

ಆಮೇಲೆ ತಲೆಬರಹಗಳು. "ಸಂಶೋಧನೆ", "ವೈರ್‌ಫ್ರೇಮ್", "ಪರೀಕ್ಷೆ" ಅಂತ ಇದ್ದವು. ಅವುಗಳಿಂದ ಏನೂ ತಿಳಿಯುವುದಿಲ್ಲ. ಅವನ್ನು ವಾಕ್ಯ ಮಾಡಿದೆ. "ಬಿಲ್ ಬುಕ್ಕು ನಂಬರಿನ ಕ್ರಮದಲ್ಲಿದೆ, ದಿನಾಂಕದ ಕ್ರಮದಲ್ಲಿಲ್ಲ." "ಕೆಂಪು ದಿನವನ್ನು ರಜೆ ಅಂತ ಓದಿದರು." "ಮಾವ ನಂಬರಿನಿಂದ ಹುಡುಕಲಿಲ್ಲ, ಬಟ್ಟೆಯಿಂದ ಹುಡುಕಿದರು." ತಲೆಬರಹಗಳನ್ನಷ್ಟೇ ಓದಿಕೊಂಡು ಹೋದರೂ ಕಥೆ ತಿಳಿಯಬೇಕು. ನಿಮ್ಮ ಕೇಸ್ ಸ್ಟಡಿಯನ್ನೂ ಹೀಗೆ ಓದಿ ನೋಡಿ. ಆ ತಲೆಬರಹಗಳನ್ನು ಎತ್ತಿ ಬೇರೆಯವರ ಪ್ರಾಜೆಕ್ಟಿನಲ್ಲಿ ಇಟ್ಟರೂ ಹೊಂದುತ್ತವೆ ಅಂದರೆ ಅವನ್ನು ನೀವು ಇನ್ನೂ ಬರೆದಿಲ್ಲ ಅಂತ ಅರ್ಥ.

ಪರ್ಸೋನಾ ತೆಗೆದೆ. ಎದುರಿಗೆ ಅತ್ತೆ ಇರುವಾಗ ಕಲ್ಪಿತ ಹೆಸರಿನ ಹೆಂಗಸು ಯಾಕೆ? ಡಬಲ್ ಡೈಮಂಡ್ ತೆಗೆದೆ. ಗೂಗಲ್ ಫಾರ್ಮಿನ ಪೈ ಚಾರ್ಟು ತೆಗೆದೆ. ಆದರೆ ಬಿಟ್ಟುಹಾಕಿದ ಹಳೆಯ ಆ್ಯಪ್‌ನ ಒಂದು ಸ್ಕ್ರೀನನ್ನು ಚಿಕ್ಕದಾಗಿ ಉಳಿಸಿಕೊಂಡೆ. ಅದನ್ನು ಯಾಕೆ ಬಿಟ್ಟೆ ಅಂತ ಎರಡು ಸಾಲು ಬರೆದೆ. ಕೆಂಪು ಕ್ಯಾಲೆಂಡರನ್ನೂ ಎಂಟು ಮನೆಗಳ ಕ್ಯಾಲೆಂಡರನ್ನೂ ಅಕ್ಕಪಕ್ಕ ಇಟ್ಟೆ. ಇಂಟರ್‌ವ್ಯೂನಲ್ಲಿ ಜಾಸ್ತಿ ಮಾತಾಗಿದ್ದು ಈ ಎರಡು ಚಿತ್ರಗಳ ಮೇಲೆ.

ಒಂದು ವಿಷಯವನ್ನು ಇಲ್ಲಿ ನಿಧಾನವಾಗಿ ಹೇಳಬೇಕು. ಬಿಲ್ ಬುಕ್ಕಿನ ಫೋಟೊ ಹಾಕಿದ್ದೆ. ಚಂದದ ಫೋಟೊ, ಬಟ್ಟೆ ತುಂಡುಗಳ ಬಣ್ಣ ಎದ್ದು ಕಾಣುತ್ತಿತ್ತು. ಅತ್ತೆ ನೋಡಿದ ಕೂಡಲೇ, "ಇದರಾಗ ಎಲ್ಲರ ಅಳತಿ ಐತೆಲ್ಲವ್ವಾ" ಅಂದರು. ಎದೆ, ಸೊಂಟ, ತೋಳಿನ ಅಳತೆ, ಹೆಸರು, ಫೋನ್ ನಂಬರು, ಎಲ್ಲವೂ ಆ ಹಾಳೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಹೆಂಗಸರು ಅದನ್ನು ನಂಬಿ ಕೊಟ್ಟದ್ದು ಟೈಲರಿಗೆ. ಇಂಟರ್‌ನೆಟ್ಟಿಗಲ್ಲ. ಫೋಟೊ ತೆಗೆದುಹಾಕಿ, ನನ್ನದೇ ಕೈಬರಹದಲ್ಲಿ ಸುಳ್ಳು ಹೆಸರಿನ ಒಂದು ಬಿಲ್ ಬರೆದು, ಬಟ್ಟೆ ತುಂಡು ಹಚ್ಚಿ ಹೊಸ ಫೋಟೊ ತೆಗೆದೆ. ಮಸುಕು ಮಾಡಿದರೆ ಸಾಲದೇ ಅಂತ ಕೇಳುವವರಿದ್ದಾರೆ. ತೆಳುವಾಗಿ ಮಸುಕು ಮಾಡಿದ ಅಂಕಿಗಳನ್ನು ಎಷ್ಟೋ ಸಲ ಓದಬಹುದು. ಮುಚ್ಚುವುದಾದರೆ ಗಟ್ಟಿ ಬಣ್ಣದ ಪಟ್ಟಿ ಇಟ್ಟು, ಅದನ್ನು ಚಿತ್ರವಾಗಿಯೇ ಉಳಿಸಿ. ಫಿಗ್ಮಾದಲ್ಲಿ ಮೇಲೊಂದು ಚೌಕ ಎಳೆದು ಫೈಲಿನ ಲಿಂಕು ಕೊಟ್ಟರೆ ಕೆಳಗಿನ ಫೋಟೊ ಹಾಗೆಯೇ ಇರುತ್ತದೆ.

ಪೋರ್ಟ್‌ಫೋಲಿಯೊದಲ್ಲಿ ಎರಡೇ ಕೆಲಸ ಇಟ್ಟೆ. ಎರಡನೆಯದು ಕಾಲೇಜು ಫೆಸ್ಟಿನ ನೋಂದಣಿ ಪುಟ, ನಾಲ್ಕು ಜನ ಸೇರಿ ಮಾಡಿದ್ದು. ಅದರಲ್ಲಿ ಫಾರ್ಮನ್ನು ನಾನು ಮಾಡಿದ್ದೆ, ಬಣ್ಣ ಮತ್ತು ಪೋಸ್ಟರು ಬೇರೆಯವರದು ಅಂತ ಸ್ಪಷ್ಟವಾಗಿ ಬರೆದೆ. ಹೆಸರಾಂತ ಊಟ ತರಿಸುವ ಆ್ಯಪ್ ಒಂದನ್ನು ಹೊಸದಾಗಿ ವಿನ್ಯಾಸ ಮಾಡಿದ್ದೆ, ಮೂರರಲ್ಲಿ ನೋಡಲು ಅದೇ ಚೆನ್ನಾಗಿತ್ತು. ಅದನ್ನು ತೆಗೆದೆ. ಆ ಕಂಪನಿಯವರು ಆ ಬಟನ್ನನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಅಂತ ನನಗೆ ತಿಳಿಯುವ ದಾರಿ ಇರಲಿಲ್ಲ, ಹಾಗಿರುವಾಗ ಅದು ತಪ್ಪು ಅಂತ ಹೇಗೆ ಹೇಳಲಿ?

ಮೊದಲು ಹಾಕಿದ ನಾಲ್ಕು ಅರ್ಜಿಗಳಿಗೆ ಉತ್ತರ ಬರಲಿಲ್ಲ. ಐದನೆಯದನ್ನು ಕಳಿಸುವ ಮುಂಚೆ ಗೆಳತಿಯ ಫೋನಿನಲ್ಲಿ ಲಿಂಕು ತೆಗೆದು ನೋಡಿದೆ. ಒತ್ತಿ ನೋಡಬಹುದಾದ ಮಾದರಿ, ಅಂದರೆ ಪ್ರೊಟೊಟೈಪ್, ತೆರೆಯಲು ಲಾಗಿನ್ ಕೇಳುತ್ತಿತ್ತು. ನಾನು ಆಹ್ವಾನಿಸಿದವರಿಗೆ ಮಾತ್ರ ಅಂತ ಸೆಟ್ಟಿಂಗ್ ಉಳಿದುಬಿಟ್ಟಿತ್ತು. ಲಿಂಕು ಇರುವ ಯಾರು ಬೇಕಾದರೂ ನೋಡಬಹುದು, ಅಂದರೆ `can view`, ಅಂತ ಬದಲಿಸಿದೆ. ಈ ವರ್ಷವೂ ನಾನು ನೋಡಿದ ಲಿಂಕುಗಳಲ್ಲಿ ಕೆಲವು ಹೀಗೇ ಮುಚ್ಚಿದ್ದವು. ನಾನು ಮೇಲ್ ಹಾಕಿ ಕೇಳುತ್ತೇನೆ. ಎಲ್ಲರೂ ಕೇಳುವುದಿಲ್ಲ. ಕಳಿಸುವ ಮುಂಚೆ ಲಾಗಿನ್ ಆಗದ ಬ್ರೌಸರಿನಲ್ಲಿ, ಬೇರೆಯವರ ಫೋನಿನಲ್ಲಿ ಒಮ್ಮೆ ತೆಗೆದು ನೋಡಿಬಿಡಿ.

ಲೈನಿಂಗ್ ಬ್ಲೌಸು

ಐದನೇ ಅರ್ಜಿಗೆ ಇಂಟರ್‌ವ್ಯೂ ಬಂತು. ಫೆಬ್ರುವರಿಯಲ್ಲಿ, ವಿಡಿಯೊ ಕಾಲ್. ಇಬ್ಬರಿದ್ದರು. ನನ್ನ ಕೇಸ್ ಸ್ಟಡಿಯ ಕೊನೆಯಲ್ಲಿ "ಇನ್ನೂ ಬಗೆಹರಿಯದ್ದು" ಅಂತ ಒಂದು ಪ್ಯಾರಾ ಇತ್ತು. ಪರೀಕ್ಷೆಯ ದಿನ ಅತ್ತೆ ಎಂಟು ಮನೆಗಳನ್ನು ನೋಡಿ, "ಸಾದಾ ಬ್ಲೌಸೂ ಲೈನಿಂಗ್ ಬ್ಲೌಸೂ ಒಂದೇ ಲೆಕ್ಕಾನಾ?" ಅಂದಿದ್ದರು. ಲೈನಿಂಗ್ ಹಾಕಿ ಹೊಲಿಯಲು ಹೆಚ್ಚು ಹೊತ್ತು ಬೇಕು. ನನ್ನ ಲೆಕ್ಕದಲ್ಲಿ ಎರಡೂ ಒಂದೊಂದು ಮನೆ. ಇದು ನನ್ನ ಡಿಸೈನಿನ ಕೊರತೆ, ಸರಿಪಡಿಸಲು ಆಗಲಿಲ್ಲ ಅಂತ ಬರೆದಿದ್ದೆ.

ಅವರು ನೇರವಾಗಿ ಅಲ್ಲಿಗೇ ಬಂದರು. ಈಗ ಸರಿಪಡಿಸಬೇಕಾದರೆ ಏನು ಮಾಡುತ್ತೀರಿ ಅಂತ ಕೇಳಿದರು. ಮನೆಗಳ ಬದಲು ಗಂಟೆ ಇಡಬಹುದು ಅಂದೆ. ಹೇಳುತ್ತಿದ್ದ ಹಾಗೇ ಅದು ಸರಿಯಲ್ಲ ಅನ್ನಿಸಿತು. ಗಿರಾಕಿ ಎದುರಿಗೆ ನಿಂತಿರುವಾಗ ಅತ್ತೆ ಗಂಟೆ ಲೆಕ್ಕ ಹಾಕುವುದಿಲ್ಲ, ಅವರು ಬ್ಲೌಸಿನ ಲೆಕ್ಕದಲ್ಲೇ ಯೋಚಿಸುತ್ತಾರೆ ಅಂತಲೂ ಹೇಳಿದೆ. ಹಾಗಾದರೆ ಯಾವುದು ಸರಿ ಅಂತ ಹೇಗೆ ತಿಳಿಯುತ್ತೀರಿ ಅಂದರು. ಎರಡನ್ನೂ ಕಾಗದದ ಮೇಲೆ ಬರೆದು ಅತ್ತೆಗೆ ಒಂದೊಂದು ವಾರ ಕೊಡುತ್ತೇನೆ, ಯಾವುದನ್ನು ಅವರು ನಡುವೆ ಬಿಟ್ಟುಬಿಡುತ್ತಾರೆ ಅಂತ ನೋಡುತ್ತೇನೆ ಅಂದೆ. ಮಾತು ಅರ್ಧ ಗಂಟೆ ಅಲ್ಲೇ ನಡೆಯಿತು. ಇಂಟರ್ನ್‌ಶಿಪ್ ಸಿಕ್ಕಿತು.

ಯುಗಾದಿಗೆ ಊರಿಗೆ ಹೋದಾಗ ಅಂಗಡಿಗೆ ಹೋದೆ. ಹೊಸ ವರ್ಷದ ಕ್ಯಾಲೆಂಡರು ಅದೇ ಮೊಳೆಗೆ ತೂಗುತ್ತಿತ್ತು. ದಿನಾಂಕಗಳ ಕೆಳಗೆ ಪೆನ್ಸಿಲಿನ ಸಣ್ಣ ಗೀಟುಗಳಿದ್ದವು. ಕೆಲವು ಒಂಟಿ, ಕೆಲವು ಜೋಡಿ. ಹಬ್ಬದ ಹಿಂದಿನ ದಿನಕ್ಕೆ ಸುತ್ತಲೂ ಗುಂಡಗೆ ಗೆರೆ ಎಳೆದಿತ್ತು.

"ಸಾದಾಕ್ಕ ಒಂದು, ಲೈನಿಂಗಿಗೆ ಎರಡು" ಅಂದರು ಅತ್ತೆ, ಗಿರಾಕಿಯೊಬ್ಬರ ಬಟ್ಟೆಯ ಅಂಚು ಕತ್ತರಿಸುತ್ತಾ. "ಎಂಟು ಆದಮ್ಯಾಲೆ ಸುತ್ತು ಹಾಕಿಬಿಡ್ತೀನಿ. ಆ ದಿನ ಯಾರ ಕೇಳಿದ್ರೂ ಇಲ್ಲ."